ನಿಮಿಷಕ್ಕೆ 42 ಹನಿ

ನಮ್ಮ ಯಜಮಾನರ ಚಿಕ್ಕಪ್ಪನವರು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ. “ರಾತ್ರಿ ಹೊತ್ತು ರೋಗಿಗಳೆಲ್ಲ ಮಲಗಿಬಿಟ್ಟಿರ್ತಾರಲ್ಲಮ್ಮ, ನಿನಗಲ್ಲೇನು ಕೆಲಸ?” ಮೊದಮೊದಲು ವಿವರಿಸಿ ಹೇಳುತ್ತಿದ್ದೆ. ಆಮೇಲೆ ಸಾಕಾಗಿ, “ಹೌದು ಚಿಕ್ಕಪ್ಪ, ನಾವೂ ಒಂದು ಮೂಲೇಲಿ ಚಾಪೆ ಹಾಸ್ಕೊಂಡು ಬಿದ್ಕೋತೀವಿ” ಅನ್ನತೊಡಗಿದೆ. ಅವರಿಗೆ ತಾವು ಮೊದಲೇ ಅಂದುಕೊಂಡಿದ್ದು ನಿಜವಾದ ಸಂತೋಷ, ನನಗೆ ಮಾತು ಉಳಿಯಿತು. ಹೋದ ತಿಂಗಳಿಂದ ಮಾತ್ರ ಆ ಕುಹಕ ಬಾಯಿಗೆ ಬರುತ್ತಿಲ್ಲ. ನಿದ್ದೆಗೆ ಚಾಪೆಯೂ ಬೇಡ, ಮೂಲೆಯೂ ಬೇಡ, ಕಣ್ಣು ಮುಚ್ಚುವುದೂ ಬೇಡ ಎಂದು ನನಗೇ ಗೊತ್ತಾಗಿಹೋಗಿದೆ.

ನಮ್ಮ ನೈಟ್ ಡ್ಯೂಟಿ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ. ಮೆಡಿಕಲ್ ವಾರ್ಡು, 26 ಹಾಸಿಗೆ, ನಾನೂ ಇನ್ನೊಬ್ಬಳು ಹೊಸ ಹುಡುಗಿಯೂ. ಹಾಸಿಗೆಯಿಂದ ಹಾಸಿಗೆಗೆ ಹೋಗಿ ಹ್ಯಾಂಡೋವರ್ ತೆಗೆದುಕೊಳ್ಳುವುದು, 10 ಗಂಟೆಯ ಇಂಜೆಕ್ಷನ್ನು, 12ರ ಬಿಪಿ-ಟೆಂಪರೇಚರು, ಲಕ್ವಾ ಹೊಡೆದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನು ನೋಡುವುದು, ಯೂರಿನ್ ಬ್ಯಾಗು ಖಾಲಿ ಮಾಡಿ ಅಳತೆ ಬರೆಯುವುದು. ಇದೆಲ್ಲ ಹೇಗೋ ಸಾಗುತ್ತದೆ. ಹೇಳಬಾರದ ಮಾತು ಒಂದೇ: “ಇವತ್ತು ವಾರ್ಡು ತಣ್ಣಗಿದೆ.” ಈ ಹುಡುಗಿಗೆ ಅದು ಗೊತ್ತಿರಲಿಲ್ಲ. ರಾತ್ರಿ 11ಕ್ಕೆ ನಗುನಗುತ್ತಾ ಅಂದುಬಿಟ್ಟಳು. ಒಂದು ಗಂಟೆಯೊಳಗೆ ಎರಡು ಅಡ್ಮಿಷನ್. ವಿಜ್ಞಾನ ಓದಿದವಳಾಗಿ ನಾನಿದನ್ನು ನಂಬುವುದಿಲ್ಲ, ಆದರೆ ಅವಳೊಂದಿಗೆ ಅರ್ಧ ಗಂಟೆ ಮಾತಾಡಲಿಲ್ಲ.

ಆ ಎರಡರಲ್ಲಿ ಒಂದು, ವಾಂತಿ-ಭೇದಿಯಿಂದ ಸೊರಗಿದ್ದ ಒಬ್ಬರು ತಾತ. ಡಾಕ್ಟರು ಬರೆದದ್ದು 500 ಮಿ.ಲೀ. ನಾರ್ಮಲ್ ಸಲೈನ್, 4 ಗಂಟೆಯಲ್ಲಿ. ಲೆಕ್ಕ ಸುಲಭ. ನಮ್ಮ ಮಾಮೂಲಿ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿ.ಲೀ. ಅಲ್ಲಿಗೆ ಬಾಟಲಿಯಲ್ಲಿರುವುದು 10,000 ಹನಿ. 240 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 42ರ ಹತ್ತಿರ. ಐಸಿಯುನಲ್ಲಾದರೆ ಇದನ್ನು ಪಂಪು ಎಣಿಸುತ್ತದೆ. ವಾರ್ಡಿನಲ್ಲಿ ಪಂಪು ಅಂದರೆ ನಾನೇ. ಕೊಳವೆಯ ಮೇಲಿನ ರೋಲರನ್ನು ಹೆಬ್ಬೆರಳಲ್ಲಿ ಕೂದಲೆಳೆಯಷ್ಟು ಉರುಳಿಸುತ್ತಾ, ಒಂದು ಕೈಯಲ್ಲಿ ವಾಚು ಹಿಡಿದು ಎಣಿಸಬೇಕು. ತಾತನ ಮುಂಗೈ ನರಗಳೆಲ್ಲ ಮುಖ ಮುಚ್ಚಿಕೊಂಡಿದ್ದರಿಂದ ಸೂಜಿ ಸಿಕ್ಕಿದ್ದು ಮೊಣಕೈ ಮಡಿಕೆಯಲ್ಲಿ. ಸರಿಯಾಗಿ 1 ಗಂಟೆಗೆ ಬಾಟಲಿ ಏರಿಸಿದೆ. ಬಾಟಲಿಯ ಉದ್ದಕ್ಕೂ ಪ್ಲಾಸ್ಟರಿನ ಪಟ್ಟಿ ಅಂಟಿಸಿ, ಯಾವ ಗಂಟೆಗೆ ನೀರು ಎಲ್ಲಿಗೆ ಇಳಿದಿರಬೇಕೆಂದು ಪೆನ್ನಲ್ಲಿ ಗೆರೆಯನ್ನೂ ಎಳೆದೆ. ಈ ಗೆರೆ ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

4 ಗಂಟೆ ಒಂದು ವಿಚಿತ್ರ ಹೊತ್ತು. ಆಗ ಮೈಯ ಬಿಸಿ ಇಡೀ ದಿನದಲ್ಲೇ ತೀರಾ ಕೆಳಕ್ಕೆ ಇಳಿದಿರುತ್ತದೆ. ಸ್ವೆಟರ್ ಹಾಕಿಕೊಂಡರೂ ಒಳಗಿನಿಂದ ಚಳಿ. ಕಾಫಿಯನ್ನು 2 ಗಂಟೆಗೇ ನಿಲ್ಲಿಸಿಬಿಡುತ್ತೇನೆ. ಅದರ ಮೇಲೆ ಕುಡಿದರೆ ಅದು ಬೆಳಿಗ್ಗೆ 10ಕ್ಕೆ ಹಾಸಿಗೆಯಲ್ಲಿ ನನ್ನ ಪಕ್ಕ ಕೂತು ಮಾತಾಡುತ್ತದೆ. ಅದು ಆ ಸುತ್ತಿನ ಮೊದಲ ನೈಟು ಬೇರೆ. ಹಿಂದಿನ ಬೆಳಿಗ್ಗೆ 6ಕ್ಕೆ ಎದ್ದು ದೋಸೆ ಹುಯ್ದವಳು 22 ಗಂಟೆಗಳಿಂದ ಕಣ್ಣು ಮುಚ್ಚಿರಲಿಲ್ಲ. ಆದರೂ ಆಕಳಿಕೆ ಇರಲಿಲ್ಲ. ತಲೆ ಹಗುರ, ಎಲ್ಲ ಸ್ಪಷ್ಟ, ಒಂಥರಾ ಉಲ್ಲಾಸ. ಅಪಾಯದ ಗುರುತು ಅದೇ ಎಂದು ಈಗ ಹೇಳಬಲ್ಲೆ.

ತಾತನ ಹಾಸಿಗೆಯ ಬಳಿ ನಿಂತೆ. ನೀಲಿ ನೈಟ್ ಲ್ಯಾಂಪು. ತಾತ ಕೈಯನ್ನು ಕೆನ್ನೆಯಡಿ ಇಟ್ಟುಕೊಂಡು ಮಗುವಿನ ಹಾಗೆ ಮಲಗಿದ್ದಾರೆ. ಕೆಳಗೆ ಚಾಪೆಯ ಮೇಲೆ ಅಜ್ಜಿ, ಕಂಬಳಿಯೊಳಗೆ. ವಾಚು ಎತ್ತಿ ಹಿಡಿದೆ, ಚೇಂಬರ್ ನೋಡಿದೆ, ಎಣಿಸಿದೆ. ಒಂದು... ಎರಡು... ಮೂರು... ಹನಿಗಳು ತಾಳ ಹಿಡಿದ ಹಾಗೆ ಬೀಳುತ್ತಿದ್ದವು. ನಿಮಿಷ ಮುಗಿದಾಗ 38. ನಿಧಾನವಾಯಿತು. ರೋಲರನ್ನು ಒಂದು ಚೂರು ಮೇಲಕ್ಕೆ ಉರುಳಿಸಿದೆ. ಮತ್ತೆ ಎಣಿಸಿದೆ. 40! ನೋಡಿದಿರಾ, ಕೈ ಅಂದರೆ ಕೈ. ಎಷ್ಟೋ ವರ್ಷದ ಸರ್ವೀಸು ಸುಮ್ಮನೆ ಅಲ್ಲ. ಇನ್ನೊಂದು ಚೂರು. ಉಸಿರು ಬಿಗಿಹಿಡಿದು ಎಣಿಸಿದೆ. ನಲವತ್ತು, ನಲವತ್ತೊಂದು, ನಲವತ್ತೆರಡು, ಮುಳ್ಳು ಹನ್ನೆರಡರ ಮೇಲೆ! ವೀಣೆಯ ತಂತಿ ಶ್ರುತಿಗೆ ಸೇರಿದಾಗ ವಿದ್ವಾಂಸರು ಕಣ್ಣು ಮುಚ್ಚಿ ತಲೆಯಾಡಿಸುತ್ತಾರಲ್ಲ, ಹಾಗೆ ತಲೆಯಾಡಿಸಿದೆ. ಜೇಬಿನಿಂದ ಪೆನ್ನು ತೆಗೆದು ಚಾರ್ಟಿನಲ್ಲಿ ದುಂಡಗೆ “42” ಎಂದು ಬರೆದೆ. ಅಡಿಯಲ್ಲಿ ಗೆರೆ ಬೇರೆ ಎಳೆದೆ. ಶಾಲೆಯಲ್ಲಿ ಲೆಕ್ಕಕ್ಕೆ ನೂರು ಬಂದಾಗಲೂ ಇಷ್ಟು ಸಂತೋಷವಾಗಿರಲಿಲ್ಲ. (ಬಂದಿರಲಿಲ್ಲ ಅನ್ನುವುದು ಬೇರೆ ಮಾತು.)

ಕಂಬಳಿ ಅಲುಗಿತು.

“ಏನಮ್ಮ ಸಿಸ್ಟರಮ್ಮ ಎಣಿಸ್ತಿದ್ದೀಯ ಅಷ್ಟೊತ್ತಿಂದ?”

“ಹನಿ ಅಜ್ಜಿ. ನಿಮಿಷಕ್ಕೆ ಇಷ್ಟೇ ಬೀಳಬೇಕು ಅಂತಿರುತ್ತೆ.”

“ಅದು ನಲ್ಲಿ ಕಣಮ್ಮ.”

ಅರ್ಥವಾಗಲಿಲ್ಲ. ಅಜ್ಜಿ ಕಂಬಳಿಯಿಂದ ಒಂದು ಬೆರಳು ಹೊರಗೆ ಹಾಕಿ ಮೂಲೆಯ ವಾಶ್ ಬೇಸಿನ್ ತೋರಿಸಿದರು. ಟಪ್. ಟಪ್. ಟಪ್. “ಸಂಜೆಯಿಂದ ಹಂಗೇ ಬಡ್ಕೊತೈತೆ. ನಂಗೂ ನಿದ್ದೆ ಇಲ್ಲ.”

ತಿರುಗಿ ಚೇಂಬರ್ ನೋಡಿದೆ. ಅಲ್ಲಿ ಒಂದೇ ಒಂದು ಹನಿ, ಬೀಳಲೋ ಬೇಡವೋ ಎಂದು ತೂಗಾಡುತ್ತಾ, ನನ್ನನ್ನೇ ನೋಡುತ್ತಿತ್ತು. ಚೇಂಬರಿನ ಹನಿಗೆ ಸದ್ದೇ ಇರುವುದಿಲ್ಲ! ಇದು ಟ್ರೈನಿಂಗಿನ ಮೊದಲ ವರ್ಷದ ಮಕ್ಕಳಿಗೂ ಗೊತ್ತು. ನಾನು ಚೇಂಬರನ್ನು ಕಣ್ಣಾರೆ ನೋಡುತ್ತಾ ನಲ್ಲಿಯನ್ನು ಕಿವಿಯಾರೆ ಎಣಿಸಿದ್ದೆ. ಹಾಗಾದರೆ 38ನ್ನು 42 ಮಾಡಿದವರು ಯಾರು? ರೋಲರ್ ಉರುಳಿಸಿದ್ದು ಇಲ್ಲಿ, ಜೋರಾಗಿದ್ದು ಅಲ್ಲಿ! ಎರಡು ಸಲವೂ ನಲ್ಲಿ ನನ್ನ ಮಾತು ಕೇಳಿತ್ತು. ಅದು ತನ್ನಷ್ಟಕ್ಕೆ ಹೆಚ್ಚಾಯಿತೋ, ನನಗೆ ಬೇಕಾದ ಸಂಖ್ಯೆಯನ್ನೇ ನನ್ನ ಕಿವಿ ಎಣಿಸಿತೋ, ಇಂದಿಗೂ ತೀರ್ಮಾನವಾಗಿಲ್ಲ.

ನಗು ಅಲ್ಲಿಗೆ ನಿಂತಿತು. ಪ್ಲಾಸ್ಟರ್ ಪಟ್ಟಿಯ ಪ್ರಕಾರ 4 ಗಂಟೆಗೆ ಬಾಟಲಿಯಲ್ಲಿ ಉಳಿದಿರಬೇಕಾದದ್ದು 125 ಮಿ.ಲೀ. ಇದ್ದದ್ದು 200. ಗಂಟೆಗೆ 125ರಂತೆ ಲೆಕ್ಕ ಹಾಕಿದರೆ, ಸುಮಾರು 3:24ಕ್ಕೆ ತಾತ ಮೊಣಕೈ ಮಡಿಸಿದ್ದಾರೆ, ಡ್ರಿಪ್ಸು ಅಲ್ಲಿಗೇ ನಿಂತಿದೆ. ನಿಂತದ್ದಕ್ಕಿಂತ ನನ್ನನ್ನು ಬೆವರಿಸಿದ್ದು ಆ ಎರಡು ಚೂರು ರೋಲರ್. ಕೈ ಮಡಿಸಿ ಮಲಗಿದವರ ರೋಲರನ್ನು ಹೀಗೆ ಮೇಲಕ್ಕೆ ಮಾಡುತ್ತಾ ಹೋದರೆ, ಅವರು ನಿದ್ದೆಯಲ್ಲಿ ಕೈ ನೀಡಿದ ಕ್ಷಣಕ್ಕೆ ನೀರು ಧಾರೆಯಾಗಿ ಒಳಗೆ ಹೋಗುತ್ತದೆ. ಮುದಿ ಹೃದಯಕ್ಕೆ ಅದು ತಡೆಯುವುದಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಮೊದಲು ರೋಲರ್ ಪೂರ್ತಿ ಮುಚ್ಚಿದೆ. ತಾತನ ಕೈಯನ್ನು ಮೆಲ್ಲಗೆ ನೇರ ಮಾಡಿದೆ. ಸೂಜಿಯ ಸುತ್ತ ಊತವಿಲ್ಲ, ಕೆಂಪಿಲ್ಲ, ಮುಟ್ಟಿದರೆ ತಣ್ಣಗೂ ಇಲ್ಲ. ಸಿರಿಂಜಿನಲ್ಲಿ 5 ಮಿ.ಲೀ. ಸಲೈನ್ ತುಂಬಿ ಮೆತ್ತಗೆ ತಳ್ಳಿದೆ, ಅಡ್ಡಿಯಿಲ್ಲದೆ ಹೋಯಿತು. ಸಿಕ್ಕಿಕೊಂಡಿದ್ದರೆ ಜೋರು ಮಾಡಬಾರದು. ಹೆಪ್ಪುಗಟ್ಟಿದ ರಕ್ತ ಒಳಗೆ ಹೋದೀತು, ಸೂಜಿ ಬದಲಿಸುವುದೇ ಸರಿ. ಮೊಣಕೈ ಮಡಿಯದಂತೆ ಸ್ಪ್ಲಿಂಟ್ ಕಟ್ಟಿದೆ. ಹಿಂದೆ ಬಿದ್ದ 75 ಮಿ.ಲೀ. ಅನ್ನು ಬೇಗ ಓಡಿಸಿ ಸರಿಗಟ್ಟುವ ಆಸೆ ಎಂಥವರಿಗೂ ಬರುತ್ತದೆ. ಬೆಳಿಗ್ಗೆ ಬಾಟಲಿ ಖಾಲಿ ಕಂಡರೆ ಯಾರೂ ಕೇಳುವುದಿಲ್ಲವಲ್ಲ! ಡ್ಯೂಟಿ ಡಾಕ್ಟರಿಗೆ ಫೋನು ಮಾಡಿದೆ. ಅದೇ ವೇಗದಲ್ಲಿ ಬಿಡಿ, ತಡವಾಗಿ ಮುಗಿಯಲಿ ಅಂದರು. ಚಾರ್ಟಿನ ಚೆಂದದ 42ಕ್ಕೆ ಒಂದೇ ಗೆರೆ ಹೊಡೆದು, ಸಹಿ ಹಾಕಿ, ನಡೆದದ್ದನ್ನು ಬರೆದೆ. ಆಮೇಲೆ ವಾಚನ್ನು ಚೇಂಬರಿಗೇ ತಾಗಿಸಿ ಹಿಡಿದು, ಗಟ್ಟಿಯಾಗಿ ಬಾಯಿಬಿಟ್ಟು ಎಣಿಸಿದೆ. ಅಜ್ಜಿಯೂ ಜೊತೆಗೆ ಎಣಿಸಿದರು. ಇಪ್ಪತ್ತರ ಮೇಲೆ ಅವರ ಲೆಕ್ಕ ಸ್ವಲ್ಪ ಮುಂದೆ ಓಡಿತು.

6:30ಕ್ಕೆ ಇನ್ಸುಲಿನ್ ಹೊತ್ತು. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ, ಹೊಸ ಹುಡುಗಿಯನ್ನು ಕರೆದೆ. “ಬಾಟ್ಲಿ ಮೇಲೆ ಎಷ್ಟಿದೆ, ಓದು.” “40, ಸಿಸ್ಟರ್.” “ಸಿರಿಂಜಿನ ಮೇಲೆ?” “40. ಕೆಂಪು ಮುಚ್ಚಳ.” ಪ್ರತಿ ರೋಗಿಗೂ ಹೀಗೇ. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ 20 ಯೂನಿಟ್ ಅಂದುಕೊಂಡು ಕೊಟ್ಟದ್ದು 50 ಆಗಿರುತ್ತದೆ. ಆ ತಪ್ಪನ್ನು ಹಿಡಿಯಲು ಚಾಪೆಯ ಮೇಲೆ ಯಾವ ಅಜ್ಜಿಯೂ ಇರುವುದಿಲ್ಲ. ಹುಡುಗಿ ನನ್ನನ್ನು ಒಂಥರಾ ನೋಡಿದಳು. 11 ಗಂಟೆಯ ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡಳೋ ಏನೋ.

8ಕ್ಕೆ ಹ್ಯಾಂಡೋವರ್. ನೈಟ್ ಮುಗಿಸಿ ಸ್ಕೂಟರ್ ಓಡಿಸುವುದನ್ನು ಬಿಟ್ಟು ಬಹಳ ದಿನವಾಯಿತು. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಸೇರಿದವರಷ್ಟೇ ಕೆಡುತ್ತದೆಂದು ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. ನಮ್ಮ ಮೋಟಾರು ವಾಹನ ಕಾಯ್ದೆ 30ರ ಮೇಲೆ ಬಿಡುವುದಿಲ್ಲ. ಹನಿ ಮದ್ಯ ಮುಟ್ಟದ ನಾನು 26 ಗಂಟೆ ಎದ್ದಿದ್ದು ರಸ್ತೆಗಿಳಿದರೆ, ಪೊಲೀಸರು ಊದಿಸಿದರೂ ಬರುವುದು ಉಪ್ಪಿಟ್ಟಿನ ವಾಸನೆ ಮಾತ್ರ. ಹಾಗಾಗಿ ಬಸ್ಸು. ಅವತ್ತು ಸ್ಟಾಪು ತಪ್ಪಿ ಡಿಪೋವರೆಗೆ ಹೋದೆ. ಕಂಡಕ್ಟರು ಬೈದರು, ವಾಪಸ್ ಬಂದೆ.

ಮನೆಯಲ್ಲಿ ಅತ್ತೆ ಮಿಕ್ಸಿಯನ್ನು ನಾನು ಬರುವ ಮೊದಲೇ ತಿರುಗಿಸಿ ಮುಗಿಸಿರುತ್ತಾರೆ, ಅವರ ಹೊಟ್ಟೆ ತಣ್ಣಗಿರಲಿ. ಸ್ನಾನ, ಎರಡು ಇಡ್ಲಿ, ಕಿಟಕಿಗೆ ಕಪ್ಪು ಪರದೆ. ಸೊಪ್ಪಿನವಳು ಕೂಗಿ ಹೋದಳು. ಗ್ಯಾಸಿನವನು ಬೆಲ್ ಮಾಡಿದ. ಎದುರುಮನೆಯವರು ಬಾಗಿಲಲ್ಲಿ ನಿಂತು, “ನಿಮ್ಮ ಸೊಸೆ ಇನ್ನೂ ಎದ್ದಿಲ್ವಾ?” ಎಂದು ಇಡೀ ಬೀದಿಗೆ ಕೇಳುವಂತೆ ಪಿಸುಗುಟ್ಟಿದರು. ಒಂದು ದಿನ ರಾತ್ರಿ 2 ಗಂಟೆಗೆ ಅವರ ಮನೆಗೆ ಫೋನು ಮಾಡಿ “ಮಲಗಿದ್ದೀರಾ?” ಎಂದು ಕೇಳಬೇಕೆಂದಿದೆ. ಎಲ್ಲ ಮುಗಿದು, ಬೀದಿ ಸುಮ್ಮನಾಗಿ, ಕಣ್ಣು ಎಳೆಯುವ ಹೊತ್ತಿಗೆ ಅಡುಗೆಮನೆಯಿಂದ ಕೇಳಿಸಿತು.

ಟಪ್. ಟಪ್.

15 ಸೆಕೆಂಡಿಗೆ 6. ಅಂದರೆ ನಿಮಿಷಕ್ಕೆ 24. ನಿಧಾನವಾಯಿತು ಎಂದುಕೊಂಡೆ. ದಿಂಬಿನ ಪಕ್ಕದಿಂದ ಕೈ ತಾನಾಗಿ ಮೇಲೆದ್ದು, ಕತ್ತಲಲ್ಲಿ ಹೆಬ್ಬೆರಳಿಗೆ ರೋಲರ್ ಹುಡುಕತೊಡಗಿತು.