ಕಾಮಾ ಮೇಷ್ಟ್ರು

ಸಭೆಯಲ್ಲಿ ಅತಿಥಿಗಳ ಪರಿಚಯ ಓದುವವನ ಉಸಿರು ಎಷ್ಟು ಗಟ್ಟಿ ಎಂದು ನೋಡಬೇಕಾದರೆ ಮೈಸೂರಿನ ನಮ್ಮ ಕುವೆಂಪುನಗರದ ಕಾಮಾ ಮೇಷ್ಟ್ರನ್ನು ಕರೆಸಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ಅವರ ಪರಿಚಯದಲ್ಲಿ ಪೂರ್ಣವಿರಾಮವನ್ನು ಕಂಡವರಿಲ್ಲವಾದ್ದರಿಂದ ಬಡಾವಣೆಯಲ್ಲಿ ಈ ಹೆಸರೇ ನಿಂತಿದೆ. ‘ಉಪನ್ಯಾಸಕರು, ಅನುವಾದಕರು, ನಿರೂಪಕರು, ಧ್ವನಿ ಕಲಾವಿದರು, ಪಾರಂಪರಿಕ ನಡಿಗೆಯ ಮಾರ್ಗದರ್ಶಕರು, ವಿಮಾ ಸಲಹೆಗಾರರು, ತಾರಸಿ ತೋಟಗಾರರು, ಸಂಸ್ಕೃತಿ ಚಿಂತಕರು’ ಎಂದು ಓದುತ್ತಾ ಹೋದ ನಿರೂಪಕಿ ನಡುವೆ ನೀರು ಕುಡಿದದ್ದನ್ನು ನಾನೇ ಕಂಡಿದ್ದೇನೆ. ಆ ವಿರಾಮದಲ್ಲಿ ಮುಗಿಯಿತೆಂದು ಚಪ್ಪಾಳೆ ತಟ್ಟಿದವರು, ಅವಳು ಲೋಟ ಕೆಳಗಿಟ್ಟು ಮುಂದುವರಿಸಿದಾಗ ಕೈ ಕೆಳಗಿಟ್ಟರು.

ಇಷ್ಟರಲ್ಲಿ ಒಂದೂ ಸುಳ್ಳಲ್ಲ, ಅದೇ ಕಷ್ಟ. ವಾರದಲ್ಲಿ ಮೂರು ದಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಾರೆ. ಮಧ್ಯಾಹ್ನ ಊಟ ಮುಗಿಸಿ ಅನುವಾದಕ್ಕೆ ಕೂರುತ್ತಾರೆ. ಸಂಜೆ ಯಾರದೋ ಸ್ಟುಡಿಯೊದಲ್ಲಿ ರೈತರಿಗೆ ಬೀಜೋಪಚಾರ ಹೇಳಿಕೊಡುವ ಆಡಿಯೊಗೆ ದನಿ ಕೊಡುತ್ತಾರೆ. ಭಾನುವಾರ ಬೆಳಗ್ಗೆ ದೊಡ್ಡ ಗಡಿಯಾರದ ಕೆಳಗೆ ಛತ್ರಿ ಎತ್ತಿ ಹಿಡಿದು ನಿಂತರೆ ಬೆಂಗಳೂರಿನಿಂದ ಬಂದ ಹತ್ತು ಮಂದಿ ಅವರ ಹಿಂದೆ ದೇವರಾಜ ಮಾರುಕಟ್ಟೆಗೆ ನಡೆಯುತ್ತಾರೆ. ಇದೆಲ್ಲ ಹೊಟ್ಟೆಪಾಡು, ಚಪಲವಲ್ಲ. ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕರು. ನಮ್ಮ ಕಡೆ ಅತಿಥಿ ಎಂದರೆ ಮೂರನೆಯ ದಿನಕ್ಕೆ ಬಸ್ಸಿನ ಸಮಯ ವಿಚಾರಿಸಬೇಕು. ಇವರು ಹದಿನಾಲ್ಕು ವರ್ಷದಿಂದ ಅತಿಥಿ. ಪಾಠವಿರುವ ತಿಂಗಳಷ್ಟೇ ಗೌರವಧನ. ರಜೆ ಬಂದರೆ ಗೌರವ ಉಳಿಯುತ್ತದೆ, ಧನ ನಿಲ್ಲುತ್ತದೆ.

ಹೀಗೆ ಹತ್ತು ಕಡೆ ಕೈಯಾಡಿಸಿ ಬದುಕುವುದಕ್ಕೆ ‘ಪೋರ್ಟ್‌ಫೋಲಿಯೊ’ ಎಂದು ಹೆಸರಿಟ್ಟವರು ಚಾರ್ಲ್ಸ್ ಹ್ಯಾಂಡಿ. ಐರ್ಲೆಂಡಿನಲ್ಲಿ ಹುಟ್ಟಿ, ಶೆಲ್ ಕಂಪನಿಯಲ್ಲಿ ದುಡಿದು, ಲಂಡನ್ನಿನಲ್ಲಿ ಪಾಠ ಹೇಳಿದವರು. 1989ರ ‘ದಿ ಏಜ್ ಆಫ್ ಅನ್‌ರೀಸನ್’ ಪುಸ್ತಕದಲ್ಲಿ ಇದನ್ನೆಲ್ಲ ಬರೆದರು. ನಮ್ಮಲ್ಲಿ ಇದು ಹೊಸದೇನಲ್ಲ. ಹಳ್ಳಿಯ ಶಾಖಾ ಅಂಚೆ ಕಚೇರಿ ನಡೆಸುವವರಿಗೆ ಅಂಚೆ ಭತ್ಯೆಯಲ್ಲದೆ ಜೀವನಕ್ಕೆ ಬೇರೆ ದಾರಿ ಇರಲೇಬೇಕೆಂದು ಇಲಾಖೆಯೇ ನಿಯಮ ಮಾಡಿತ್ತು. ಹಾಗಾಗಿ ಕಾರ್ಡು ಕೊಡುವ ಕೈಯೇ ಪಕ್ಕದ ಡಬ್ಬಿಯಿಂದ ಬೆಲ್ಲವನ್ನೂ ತೂಗುತ್ತಿತ್ತು. ಆದರೆ ಆ ಪೋಸ್ಟ್ ಮಾಸ್ತರರಿಗೆ ತಮ್ಮ ಬಗ್ಗೆ ಎಂಟು ಸಾಲು ಬರೆದುಕೊಡಿ ಎಂದು ಯಾರೂ ಕೇಳಿರಲಿಲ್ಲ. ಊರಿಗೆಲ್ಲ ಗೊತ್ತಿದ್ದವರು, ಬರೆದು ಯಾರಿಗೆ ತೋರಿಸಬೇಕು? ಕಾಮಾ ಮೇಷ್ಟ್ರ ಗಿರಾಕಿಗಳು ಊರಿನವರಲ್ಲ. ಅವರು ಮೇಷ್ಟ್ರನ್ನು ಕಾಗದದ ಮೇಲೆ ನೋಡಿಯೇ ಕರೆಯಬೇಕು.

ಕಾಗದ ನೋಡಿದವರು ಕರೆಯುತ್ತಲೂ ಇದ್ದರು, ಬೇರೆ ಯಾವುದಕ್ಕೋ. ಸಹಕಾರ ಸಂಘವೊಂದಕ್ಕೆ ಸಾಲದ ನಿಯಮಾವಳಿಯ ಅನುವಾದ ಬೇಕಿತ್ತು. ಪಟ್ಟಿಯಲ್ಲಿ ‘ಸಂಸ್ಕೃತಿ ಚಿಂತಕರು’ ಎಂಬುದನ್ನು ಓದಿದ ಕಾರ್ಯದರ್ಶಿ, ಇವರು ದೊಡ್ಡವರು, ನಮ್ಮ ಕೆಲಸ ಮಾಡಲಾರರು ಎಂದು ಅನುವಾದವನ್ನು ಬೇರೆಯವರಿಗೆ ಕೊಟ್ಟು, ಮೇಷ್ಟ್ರನ್ನು ವಾರ್ಷಿಕೋತ್ಸವದ ರಂಗೋಲಿ ಸ್ಪರ್ಧೆಗೆ ತೀರ್ಪುಗಾರರನ್ನಾಗಿ ಕರೆದರು. ಮೇಷ್ಟ್ರು ಹೋದರು. ಶಾಲು ತಂದರು. ಪರಿಚಯ ಕೆಟ್ಟಿದೆ ಎಂಬುದರ ಮೊದಲ ಗುರುತು ಇದು: ಫೋನು ಬರುತ್ತದೆ, ಆದರೆ ಬೇಕಾದ ಕೆಲಸಕ್ಕಲ್ಲ. ಎಂಟು ಕಸುಬನ್ನು ಒಂದೇ ಅಳತೆಯಲ್ಲಿ ಸಾಲಾಗಿ ನಿಲ್ಲಿಸಿದರೆ ಓದುವವನು ತನಗೆ ತೋಚಿದ್ದನ್ನು ಎತ್ತಿಕೊಳ್ಳುತ್ತಾನೆ.

‘ಕಾರಂತರಿಗೂ ಹತ್ತು ಮುಖ ಇತ್ತಲ್ಲ ಸಾರ್’ ಎಂದು ಮೇಷ್ಟ್ರು ನನ್ನ ಬಾಯಿ ಮುಚ್ಚಿಸಲು ನೋಡಿದರು. ಶಿವರಾಮ ಕಾರಂತರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಅವರ ಕಪಾಟಿನಲ್ಲಿ ಎದ್ದು ಕಾಣುವ ಹಾಗಿದೆ. ಹತ್ತು ಮುಖದ ಹಿಂದೆ ಕಾರಂತರು ಒಂದೇ ಮನಸ್ಸು ಇಟ್ಟುಕೊಂಡಿದ್ದರಲ್ಲ ಮೇಷ್ಟ್ರೇ ಎಂದೆ. ನಿಮಗೆ ಒಂದು ಕಾಫಿ ಹೇಳಲೇ ಎಂದರು.

ಬೆಂಗಳೂರಿನಲ್ಲಿ ಎಚ್‌ಆರ್‌ನಲ್ಲಿರುವ ಅವರ ತಂಗಿಯ ಮಗಳು ದಸರಾಕ್ಕೆ ಬಂದವಳು ಈ ಪರಿಚಯವನ್ನು ಕೈಗೆತ್ತಿಕೊಂಡಳು. ‘ಮಾವ, ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗಿನ ಸಾಲಿಗೆ ಇನ್ನೂರಿಪ್ಪತ್ತು ಅಕ್ಷರ ಅಷ್ಟೇ ಜಾಗ’ ಎಂದಳು. ಮೇಷ್ಟ್ರು ತಮ್ಮ ಪಟ್ಟಿಯನ್ನು ಒಂದೊಂದಕ್ಕೂ ವಿವರ ಸಮೇತ ಕನ್ನಡದಲ್ಲೇ ಅಂಟಿಸಿದರು, ನಡುವೆಯೇ ಕತ್ತರಿಸಿತು. ಕಂಪ್ಯೂಟರಿಗೆ ನಮ್ಮ ಕೊಂಬು, ಗುಡಿಸು, ಸೊನ್ನೆಗಳೂ ಒಂದೊಂದು ಅಕ್ಷರ, ಒತ್ತು ಎರಡು. ನಾವು ಮೂರು ಅಕ್ಷರವೆಂದು ಓದುವ ‘ಸಂಸ್ಕೃತಿ’ ಅದರ ಲೆಕ್ಕದಲ್ಲಿ ಎಂಟು. ಚಿಂತನೆಗೆ ತಕ್ಕ ಬೆಲೆ ಎಂದು ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದಲೇ ಹೇಳಿದರು.

ಹುಡುಗಿ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಬೇಕು ಎಂದಳು. ಮಾತು ಸರಿ, ದಾರ ಸರಿಯಿರಲಿಲ್ಲ. ಅವಳು ಬರೆದುಕೊಟ್ಟದ್ದು: ‘ಜನರನ್ನು, ಜ್ಞಾನವನ್ನು ಮತ್ತು ಪರಂಪರೆಯನ್ನು ಬೆಸೆಯುವ ಕಥೆಗಾರ.’ ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬಂತು. ನಾನು ಆ ಸಾಲಿನಲ್ಲಿ ಮೇಷ್ಟ್ರ ಹೆಸರು ತೆಗೆದು ನಮ್ಮ ಬಡಾವಣೆಯ ಕಾರ್ಪೊರೇಟರ ಹೆಸರು ಹಾಕಿ ಓದಿದೆ, ಕೂತಿತು. ಶಾಮಿಯಾನದವನ ಹೆಸರು ಹಾಕಿದೆ, ಇನ್ನೂ ಚೆನ್ನಾಗಿ ಕೂತಿತು. ಯಾರಿಗೆ ಬೇಕಾದರೂ ಹೊಂದುವ ಸಾಲು ಓದಿ ಯಾರೂ ದುಡ್ಡು ಕೊಟ್ಟು ಕರೆಯುವುದಿಲ್ಲ. ಪಟ್ಟಿಯಲ್ಲಾದರೂ ರಂಗೋಲಿಗೆ ಕರೆಯುತ್ತಿದ್ದರು.

ಕೊನೆಗೆ ಈ ಗಂಟು ಬಿಡಿಸಿದವರು ಮೇಷ್ಟ್ರ ಹೆಂಡತಿ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ. ‘ರೀ, ನೀವು ಏನೇನು ಅನ್ನೋದು ಆಮೇಲೆ. ನಿಮ್ಮ ಹತ್ರ ಯಾರು ಬರ್ತಾರೆ, ಏನು ಕೇಳ್ತಾರೆ, ದುಡ್ಡು ಯಾರು ಕೊಡ್ತಾರೆ, ಒಂದ್ಸಲ ಬಂದೋರು ಮತ್ತೆ ಬಂದ್ರಾ, ಅದು ಹೇಳಿ’ ಎಂದು ಗೆರೆ ಎಳೆದರು. ದುಡ್ಡಿನ ವಿಷಯಕ್ಕೆ ಮೇಷ್ಟ್ರ ನೆನಪನ್ನು ನಂಬಲಿಲ್ಲ. ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯನ್ನು ತೆಗೆಸಿದರು. ಯಾರು ಸಂಬಳವೆಂದು ಕೊಟ್ಟು ತೆರಿಗೆ ಹಿಡಿದರು, ಯಾರು ವೃತ್ತಿ ಶುಲ್ಕವೆಂದು, ಯಾರು ಕಮಿಷನ್ನೆಂದು ಹಿಡಿದರು ಎಂದು ಅದರಲ್ಲಿ ಬರೆದಿರುತ್ತದೆ. ಮನುಷ್ಯ ತನ್ನ ಬಗ್ಗೆ ತಾನು ಬರೆಯದ, ಆದ್ದರಿಂದ ನಂಬಬಹುದಾದ ಪರಿಚಯ ಅದೊಂದೇ. ಸಂಸ್ಕೃತಿ ಚಿಂತನೆಗೆ ಅಲ್ಲಿ ಒಂದು ಪೈಸೆಯೂ ಹಿಡಿದಿರಲಿಲ್ಲ. ನಿರೂಪಣೆಯ ಕಾಲಂನಲ್ಲಿ ಆಕೆ ‘ಶಾಲು, ಹಣ್ಣಿನ ಬುಟ್ಟಿ’ ಎಂದು ಬರೆದು ಮುಂದೆ ಹೋದರು.

ಆ ಹೊತ್ತಿಗೇ ಹಿಂದಿನ ರಸ್ತೆಯ ನಿವೃತ್ತ ಗುಮಾಸ್ತರೊಬ್ಬರು ಒಂದು ಕಾಗದ ಹಿಡಿದು ಬಂದರು. ಮಂಡಿ ಆಪರೇಷನ್ನಿನ ಖರ್ಚು ಕೊಡುವುದಿಲ್ಲ ಎಂದು ಆರೋಗ್ಯ ವಿಮೆಯವರು ಎರಡು ಪುಟ ಇಂಗ್ಲಿಷಿನಲ್ಲಿ ಬರೆದಿದ್ದರು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿ, ‘ಪಾಲಿಸಿ ಮಾಡ್ಸೋಕ್ಕೆ ಮುಂಚೇನೇ ಮಂಡಿ ನೋವಿತ್ತು ಅಂತ ನೀವೇ ಬರೆದಿದ್ದೀರಿ ಸಾರ್. ಹಾಗಿದ್ರೆ ಮೂರು ವರ್ಷ ಕಾಯ್ಬೇಕು ಅಂತ ನಿಮ್ಮ ಪಾಲಿಸೀಲಿದೆ. ಈಗ ಎರಡು ವರ್ಷ ಆಗಿದೆ. ಡಾಕ್ಟ್ರು ತಡೀಬೋದು ಅಂದ್ರೆ ಒಂದು ವರ್ಷ ತಡೀರಿ, ಕಂತು ಮಾತ್ರ ತಪ್ಪಿಸ್ಬೇಡಿ’ ಎಂದರು. ಗುಮಾಸ್ತರು, ಇಷ್ಟೇನಾ, ಇಷ್ಟನ್ನ ಅವರೇ ಹೇಳಬಾರದಿತ್ತಾ ಎಂದು ಎದ್ದು ಹೋದರು. ಆಕೆ ಪೆನ್ನು ಕೆಳಗಿಟ್ಟರು. ‘ಇದೇ ರೀ ನಿಮ್ಮ ಕೆಲಸ. ಉಳಿದಿದ್ದೆಲ್ಲ ಇದನ್ನೇ ಬೇರೆ ಬೇರೆ ಕಡೆ ಮಾಡ್ತಿದ್ದೀರಿ.’

ಹಾಳೆಯನ್ನು ಮತ್ತೆ ನೋಡಿದರೆ ಹೌದು. ಕಾಲೇಜಿನ ಹುಡುಗರು ಬೆಲೆ ಏರುವುದು ಏಕೆಂದು ಕನ್ನಡದಲ್ಲಿ ಕೇಳುತ್ತಾರೆ. ಸಂಘದವರು ಸಾಲದ ನಿಯಮವನ್ನು ಸದಸ್ಯರಿಗೆ ತಿಳಿಯುವ ಹಾಗೆ ಬರೆಸುತ್ತಾರೆ. ವಿಮೆಗೆ ಬರುವವರು ಪಾಲಿಸಿ ಕೊಳ್ಳುವುದಕ್ಕಿಂತ ಓದಿಸಿಕೊಳ್ಳುವುದಕ್ಕೇ ಬರುತ್ತಾರೆ. ಭಾನುವಾರದ ನಡಿಗೆ ಈ ದಾರಕ್ಕೆ ಬರುವುದಿಲ್ಲವೆಂದು ನಾನಂದುಕೊಂಡಿದ್ದೆ. ಆದರೆ ಮೇಷ್ಟ್ರು ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಿಲ್ಲುವುದು ಮೈಸೂರು ವೀಳ್ಯದೆಲೆಯ ಅಂಗಡಿಯ ಮುಂದೆ. ತೋಟದಲ್ಲಿ ಕವಳೆಗೆ ಎಷ್ಟು, ದಲ್ಲಾಳಿಗೆ ಎಷ್ಟು, ನಿಮ್ಮ ತಟ್ಟೆಗೆ ಬರುವಾಗ ಎಷ್ಟು ಎಂಬ ಲೆಕ್ಕವನ್ನೇ ಅವರು ಹೇಳುತ್ತಾರೆ. ಬಂದವರು ಫೋಟೊ ತೆಗೆಯುವುದು ಮರೆಯುತ್ತಾರೆ.

ಹೊಸ ಪರಿಚಯ ಹೀಗಾಯಿತು: ‘ಹಣಕಾಸಿನ ವಿಷಯವನ್ನು ಜನರಿಗೆ ಕನ್ನಡದಲ್ಲಿ ತಿಳಿಯುವಂತೆ ಹೇಳುವುದು ಇವರ ಕೆಲಸ. 2011ರಿಂದ ಅತಿಥಿ ಉಪನ್ಯಾಸಕರಾಗಿ ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಕಲಿಸುತ್ತಿದ್ದಾರೆ. ಸಹಕಾರ ಸಂಘಗಳಿಗೆ ಸಾಲದ ನಿಯಮಗಳನ್ನು ಅನುವಾದಿಸುತ್ತಾರೆ. ಭಾನುವಾರ ದೇವರಾಜ ಮಾರುಕಟ್ಟೆಯ ವ್ಯಾಪಾರದ ಕಥೆ ಹೇಳುತ್ತಾರೆ. ವಿಮಾ ಏಜೆಂಟರೂ ಹೌದು.’ ‘ಅತಿಥಿ’ ಎಂಬುದನ್ನು ಬಿಡೋಣವೇ ಎಂದು ಮೇಷ್ಟ್ರು ಎರಡು ಸಲ ಕೇಳಿದರು. ಬಿಟ್ಟರೆ ಕಾಲೇಜಿಗೆ ಒಂದು ಫೋನು ಮಾಡಿದವರಿಗೆ ಗೊತ್ತಾಗುತ್ತದೆ, ಆಮೇಲೆ ಉಳಿದ ಸಾಲನ್ನೂ ನಂಬುವುದಿಲ್ಲ. ವಿಮಾ ಏಜೆಂಟ್ ಎಂಬ ಕೊನೆಯ ಸಾಲನ್ನು ಅಡಗಿಸಲು ಹೊರಟಾಗ ಹುಡುಗಿಯೇ ತಡೆದಳು. ಪಾಲಿಸಿ ಓದಿ ಹೇಳುವವರು ಪಾಲಿಸಿ ಮಾರುತ್ತಾರೆ ಎನ್ನುವುದನ್ನು ಕೇಳುವವನು ಮೊದಲೇ ತಿಳಿದಿರಬೇಕು. ಆಮೇಲೆ ತಿಳಿದರೆ ಮೋಸ ಎನಿಸುತ್ತದೆ. ಧ್ವನಿಯ ಕೆಲಸ ಇದರಲ್ಲಿಲ್ಲ. ಸ್ಟುಡಿಯೊದವರಿಗೆ ಕಳಿಸುವಾಗ ಮೊದಲ ಸಾಲನ್ನು ಹಾಗೇ ಇಟ್ಟು, ಎರಡನೆಯದಾಗಿ ಅದನ್ನು ತಂದು, ಮಾರುಕಟ್ಟೆಯನ್ನು ಕೈಬಿಡುತ್ತಾರೆ. ಓದುವವರಿಗೆ ತಕ್ಕಂತೆ ಹಿಂದಿನ ಸಾಲುಗಳು ಜಾಗ ಬದಲಿಸುತ್ತವೆ, ಮೊದಲನೆಯದು ಕದಲುವುದಿಲ್ಲ.

ಮುಂದಿನ ಸಭೆಯಲ್ಲಿ ನಿರೂಪಕಿ ಅರ್ಧ ನಿಮಿಷದಲ್ಲಿ ಓದಿ ಮುಗಿಸಿ, ಹಾಳೆಯ ಹಿಂಬದಿ ತಿರುಗಿಸಿ ನೋಡಿ, ಸಭಿಕರಿಗೆ ಅನ್ಯಾಯವಾಗಬಾರದೆಂದು ‘ಒಟ್ಟಿನಲ್ಲಿ ಬಹುಮುಖ ಪ್ರತಿಭೆ’ ಎಂದು ತಾನೇ ಸೇರಿಸಿದಳು. ಅದಕ್ಕೆ ಮದ್ದಿಲ್ಲ. ಸಭೆ ಮುಗಿದ ಮೇಲೆ ಇಬ್ಬರು ಸಂಘದ ಕಾರ್ಯದರ್ಶಿಗಳು ಮೇಷ್ಟ್ರ ನಂಬರ್ ಬರೆದುಕೊಂಡರು. ರಂಗೋಲಿಯ ಮಾತು ಯಾರೂ ಎತ್ತಲಿಲ್ಲ.

ಇಷ್ಟೆಲ್ಲ ಒಪ್ಪಿಕೊಂಡ ಮೇಷ್ಟ್ರು ಒಂದಕ್ಕೆ ಮಾತ್ರ ಹಟ ಹಿಡಿದರು. ಇಂಥ ಪರಿಚಯಗಳ ಕೊನೆಯಲ್ಲಿ ಮನುಷ್ಯನ ಸ್ವಂತದ್ದೊಂದು ಸಾಲು ಇರುವುದು ವಾಡಿಕೆ, ಎದುರಿಗೆ ಸಿಕ್ಕವರಿಗೆ ಮಾತು ಶುರುಮಾಡಲು ಅನುಕೂಲ ಎಂದು ತಂಗಿಯ ಮಗಳು ಬಾಯಿತಪ್ಪಿ ಹೇಳಿದ್ದಳು. ಈಗ ಕೊನೆಯಲ್ಲಿ ‘ಬಿಡುವಿನಲ್ಲಿ ತಾರಸಿಯ ಮೇಲೆ ಬದನೆ ಬೆಳೆಯುತ್ತಾರೆ’ ಎಂದಿದೆ. ಆ ಸಾಲು ಸೇರಿಸಿದ ಮರುದಿನ ಬೆಳಗ್ಗೆ ಮೊದಲ ಫೋನು ಬಂತು. ಮೇಷ್ಟ್ರು ಪೆನ್ನು, ಹಾಳೆ ಸಿದ್ಧ ಮಾಡಿಕೊಂಡು ಎತ್ತಿದರು. ಆ ಕಡೆಯವರ ಬದನೆ ಗಿಡದ ಎಲೆ ಮುದುರುತ್ತಿತ್ತಂತೆ, ಏನು ಸಿಂಪಡಿಸಬೇಕು ಎಂದು ಕೇಳಿದರು. ಮುಕ್ಕಾಲು ಗಂಟೆ ಮಾತಾಡಿದರು ಮೇಷ್ಟ್ರು.