ಪೂರ್ವಾಪರಯ್ಯನ ಮೊದಲ ಪ್ರಶ್ನೆ

ಹಿಂದೆಲ್ಲ ಹುಡುಗಿ ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ, "ಹಾಡು ಬರತ್ತೇನಮ್ಮಾ?" ಎಂದು ಕೇಳಿ, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದುಬಿಡುತ್ತಿದ್ದರು. ಹುಡುಗಿಯ ಪೂರ್ವಾಪರ ಬೇಕೆನಿಸಿದರೆ ಅವಳನ್ನೇ ಕೇಳುವ ಪದ್ಧತಿ ಇರಲಿಲ್ಲ. ಬೀದಿ ಕೊನೆಯ ದಿನಸಿ ಅಂಗಡಿಯವನನ್ನೋ ಎದುರುಮನೆಯ ಅಜ್ಜಿಯನ್ನೋ ವಿಚಾರಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಈಗ ದಿನಸಿ ಅಂಗಡಿ ಸೂಪರ್ ಮಾರ್ಕೆಟ್ ಆಗಿದೆ, ಎದುರುಮನೆ ಅಪಾರ್ಟ್‌ಮೆಂಟ್ ಆಗಿದೆ. ಹಾಗಾಗಿ ವಿಚಾರಣೆಯ ಹೊಣೆ ಹುಡುಗನ ಹೆಗಲಿಗೇ ಬಿದ್ದಿದೆ. ಆ ಹೊಣೆಯನ್ನು ಅತ್ಯಂತ ನಿಷ್ಠೆಯಿಂದ ಹೊತ್ತವನಿಗೆ ನಾನಿಟ್ಟ ಹೆಸರು ಪೂರ್ವಾಪರಯ್ಯ.

ಪೂರ್ವಾಪರಯ್ಯನಿಗೆ ವಯಸ್ಸು ಮೂವತ್ತರ ಆಚೀಚೆ. ಕೆಲಸ ಬೆಂಗಳೂರಿನಲ್ಲಿ, ಸಂಬಳ ಪ್ರೊಫೈಲಿನಲ್ಲಿ. ಜಾತಕ ಹೊಂದಿದೆ, ಸಾಲಾವಳಿ ಕೂಡಿದೆ, 36 ಗುಣಗಳಲ್ಲಿ 18 ಬಂದರೆ ಸಾಕು ಎನ್ನುವ ಕಡೆ 27 ಬಂದಿದೆ. ಅವನಿಗೆ ಬೇಕಾದದ್ದು ಮಾತ್ರ ಮೂವತ್ತೇಳನೆಯದು. ಅದನ್ನು ಯಾವ ಪಂಚಾಂಗವೂ ಹೇಳುವುದಿಲ್ಲವಾದ್ದರಿಂದ ಅವನು "ಹೊರಗೆಲ್ಲಾದರೂ ಒಂದು ಕಾಫಿ" ಎಂದು ಬೇಡಿಕೆ ಇಡುತ್ತಾನೆ. ಜಾಗವನ್ನು ಅವನೇ ಆರಿಸುತ್ತಾನೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಅವನಿಗೆ ಒಗ್ಗುವುದಿಲ್ಲ. ಅಲ್ಲಿ ದೋಸೆಯ ಕೊನೆಯ ತುಂಡು ಬಾಯಿಗೆ ಹೋಗುವ ಮೊದಲೇ ಮುಂದಿನ ಗಿರಾಕಿ ಕುರ್ಚಿಯ ಹಿಂದೆ ಬಂದು ನಿಂತಿರುತ್ತಾನೆ. ಅಂಥ ಕಡೆ ಯಾರ ಗತಕಾಲವನ್ನೂ ಕೆದಕಲಾಗದು. ಆದ್ದರಿಂದ ಏಳಿ ಎಂದು ಯಾರೂ ಹೇಳದ, ಒಂದು ಕಾಫಿಗೆ ಒಂದು ಗಂಟೆ ಕೂರಬಹುದಾದ ಎಸಿ ಜಾಗವೇ ಆಗಬೇಕು.

ನಮ್ಮಣ್ಣನ ಮಗಳನ್ನು ಅವನು ಕರೆದದ್ದೂ ಅಂಥದೇ ಜಾಗಕ್ಕೆ. ಹುಡುಗಿಗೆ ಇಪ್ಪತ್ತೆಂಟು, ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕೆಲಸ. "ಒಬ್ಬಳನ್ನೇ ಕಳಿಸೋದು ಹೇಗೆ?" ಎಂದು ಅತ್ತಿಗೆ ನನ್ನನ್ನು ಎರಡು ಮೇಜು ಆಚೆ, ಪೇಪರು ಹಿಡಿಸಿ ಕೂರಿಸಿದ್ದರು. ಚಿಕ್ಕಪ್ಪಂದಿರಿಗೆ ಈ ಕಾಲದಲ್ಲಿ ಉಳಿದಿರುವ ಉದ್ಯೋಗ ಅದೊಂದೇ.

ಹವಾಮಾನ, ಟ್ರಾಫಿಕ್ಕು, ಮೆಟ್ರೋ ಮುಗಿದವು. ಅವನು ಕಪ್ಪನ್ನು ಒಂದಿಂಚು ಪಕ್ಕಕ್ಕೆ ಸರಿಸಿದ.

"ನಾನು ತುಂಬಾ ಓಪನ್ ಮೈಂಡೆಡ್ ರೀ. ಜಡ್ಜ್ ಮಾಡೋನಲ್ಲ. ಸುಮ್ನೆ ಕೇಳ್ತಿದೀನಿ, ಹಿಂದೆ ಏನಾದ್ರೂ...?"

ಜಡ್ಜ್ ಮಾಡುವವನಲ್ಲ ಎಂದದ್ದು ನೂರಕ್ಕೆ ನೂರು ನಿಜ. ಅವನು ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದ.

ಹುಡುಗಿ ಮುಚ್ಚುಮರೆ ಮಾಡಲಿಲ್ಲ. "ಹೂಂ, ಇದ್ರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರನ್ನ ಇಷ್ಟಪಟ್ಟಿದ್ದೆ. ಎರಡು ವರ್ಷ. ಅವರ ಮನೇಲಿ ಒಪ್ಪಲಿಲ್ಲ, ಮುಗೀತು. ಈಗ ಸಂಪರ್ಕ ಇಲ್ಲ."

ಒಬ್ಬ ಮನುಷ್ಯನಿಗೆ ತಿಳಿಯಬೇಕಾದದ್ದೆಲ್ಲ ಆ ಉತ್ತರದಲ್ಲಿತ್ತು. ಇತ್ತು, ಮುಗಿಯಿತು, ಬಾಕಿ ಇಲ್ಲ. ಬರೀ ಕುತೂಹಲದವನಾಗಿದ್ದರೆ ಅಲ್ಲಿಗೆ "ಪಾಪ, ಆಗ ಕಷ್ಟ ಆಗಿರಬೇಕು" ಎಂದೋ "ನಂದೂ ಒಂದಿತ್ತು ಕಣ್ರೀ, ಅವಳು ಕೆನಡಾಕ್ಕೆ ಹೋದ್ಲು" ಎಂದೋ ಹೇಳಿ ಇನ್ನೊಂದು ಕಾಫಿ ತರಿಸುತ್ತಿದ್ದ. ಕುತೂಹಲದ ಗುರುತೇ ಅದು. ಕೇಳಿದಷ್ಟನ್ನು ತಾನೂ ಹೇಳುತ್ತದೆ, ಉತ್ತರ ಸಿಕ್ಕಿದ ಮೇಲೆ ಹೊಟ್ಟೆ ತುಂಬಿ ಸುಮ್ಮನಾಗುತ್ತದೆ. ಪೂರ್ವಾಪರಯ್ಯನಿಗೆ ಹಸಿವು ಶುರುವಾದದ್ದೇ ಆಗ.

"ಓ, ಎರಡು ವರ್ಷ? ಬ್ರೇಕಪ್ ಅವರೇ ಮಾಡಿದ್ದಾ, ನೀವಾ?"

"ಇಬ್ರೂ ಕೂತು ಮಾತಾಡಿ ಬಿಟ್ವಿ."

"ಅಂದ್ರೆ ಅವರ ಮನೇಲಿ ಒಪ್ಪಿದ್ರೆ ಮದುವೆ ಆಗ್ತಿದ್ರಿ?"

ಇದು ಪರೀಕ್ಷೆ. ಸರಿಯುತ್ತರ ಅವನ ಜೇಬಿನಲ್ಲಿ ಮೊದಲೇ ಇದೆ. ಹೌದು ಎಂದರೆ ನೀವಿನ್ನೂ ಅವನನ್ನು ಮರೆತಿಲ್ಲ, ಇಲ್ಲ ಎಂದರೆ ಮದುವೆಯ ಉದ್ದೇಶವಿಲ್ಲದೆ ಎರಡು ವರ್ಷ ತಿರುಗಿದವರು. ಹುಡುಗಿ "ಆಗ್ತಿದ್ದೆ" ಎಂದಳು. ಅವನು ತಲೆಯಾಡಿಸಿದ, ಪರೀಕ್ಷಕರು ಮಾರ್ಜಿನ್ನಿನಲ್ಲಿ ಸೊನ್ನೆ ಬರೆಯುವ ರೀತಿಯಲ್ಲಿ. ಸ್ವಲ್ಪ ಹೊತ್ತಿಗೆ ಅದೇ ಪ್ರಶ್ನೆ ಬಟ್ಟೆ ಬದಲಿಸಿಕೊಂಡು ಬಂತು. "ನಿಮ್ಮ ಫಸ್ಟ್ ಚಾಯ್ಸ್ ಅರೇಂಜ್ಡ್ ಮ್ಯಾರೇಜ್ ಆಗಿರಲಿಲ್ಲ ಅನ್ನಿ?" ಸಾಲ ವಿಭಾಗದಲ್ಲಿರುವವಳಿಗೆ ಈ ವಿದ್ಯೆ ಹೊಸದಲ್ಲ. ಅರ್ಜಿಯಲ್ಲಿ ಕೇಳಿದ್ದನ್ನೇ ಮನೆಗೆ ಹೋಗಿ ಮತ್ತೊಮ್ಮೆ ಕೇಳಿ, ಎರಡೂ ತಾಳೆಯಾಗುತ್ತವೆಯೇ ಎಂದು ಅವಳೂ ನೋಡುತ್ತಾಳೆ. ಆದರೆ ಬ್ಯಾಂಕು ಆ ಕಷ್ಟಕ್ಕೆ ಸಾಲವನ್ನಾದರೂ ಕೊಡುತ್ತದೆ.

ಆಮೇಲೆ ಅವನ ದನಿ ಸ್ವಲ್ಪ ತಗ್ಗಿತು. ನಾನು ಪೇಪರು ತಗ್ಗಿಸಬೇಕಾಯಿತು.

"ಯಾವ ಕಂಪನೀಲಿದ್ರು ಅವರು?... ಪ್ಯಾಕೇಜ್ ಚೆನ್ನಾಗಿತ್ತಾ?... ಹೈಟ್ ಇದ್ರಾ?"

ಹೈಟ್! ಪೂರ್ವಾಪರಯ್ಯ ಎಂಬ ಬಲೂನಿನ ಗಾಳಿಯೆಲ್ಲ ಆ ಒಂದು ಪದದಲ್ಲಿ ಹೊರಬಂತು. ನಾಲ್ಕು ವರ್ಷದ ಹಿಂದೆ ದೂರವಾದ ಒಬ್ಬನ ಎತ್ತರ ಇವತ್ತು ಯಾರಿಗೆ ಬೇಕು? ಅವನ ಪಕ್ಕ ನಿಂತು ಅಳೆದುಕೊಳ್ಳುವವನಿಗೆ. ಇದು ಅಭದ್ರತೆ. ಇದರಲ್ಲಿ ಕೇಡಿಗಿಂತ ಸಂಕಟವೇ ಹೆಚ್ಚು, ಮೊದಲ ಸಲ ನನಗೂ ಅಯ್ಯೋ ಅನ್ನಿಸಿತು. ತೊಂದರೆ ಏನೆಂದರೆ ಈ ಸಂಕಟಕ್ಕೆ ಉತ್ತರದಿಂದ ಶಮನವಿಲ್ಲ. ಐದಡಿ ಆರಿಂಚು ಎಂದರೆ "ಹಾಗಾದ್ರೆ ಅವನಲ್ಲಿ ಏನು ನೋಡಿದ್ರಿ?" ಎನ್ನುತ್ತದೆ, ಆರಡಿ ಎಂದರೆ ರಾತ್ರಿಯೆಲ್ಲ ನಿದ್ದೆಗೆಡುತ್ತದೆ. ಒಂದು ವಿವರ ಕೊಟ್ಟರೆ ಅದು ಇನ್ನೆರಡು ಪ್ರಶ್ನೆ ಹಾಕಿಕೊಂಡು ಬರುತ್ತದೆ. ನಿಶ್ಚಿತಾರ್ಥವಾದ ಮೇಲೆ ಇದೇ ಸಂಕಟ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ, "ಸಿಟ್ಟು ಮಾಡ್ಕೋಬೇಡ, ಇದೊಂದೇ ಕೇಳ್ತೀನಿ" ಎಂದು ಶುರುಮಾಡುತ್ತದೆ. ಆ "ಇದೊಂದೇ"ಗೆ ಲೆಕ್ಕವಿಲ್ಲ.

ಹುಡುಗಿ "ಅಳತೆ ಟೇಪು ತಂದಿರಲಿಲ್ಲ" ಎಂದು ನಕ್ಕಳು. ಅವನು ನಗಲಿಲ್ಲ. ಫೋನು ತೆಗೆದು ಏನೋ ನೋಡಿಕೊಂಡು, ಕೊನೆಯ ಕಂತಿಗೆ ಬಂದ.

"ಎರಡು ವರ್ಷ ಅಂದ್ರಲ್ಲ, ಆಗ ಮನೇಲಿ ಗೊತ್ತಿತ್ತಾ?"

"ಮೊದಲ ವರ್ಷ ಹೇಳಿರಲಿಲ್ಲ. ಆಮೇಲೆ ಹೇಳಿದೆ."

"ಅಂದ್ರೆ ಒಂದು ವರ್ಷ ಅಪ್ಪ ಅಮ್ಮಂಗೆ ಸುಳ್ಳು ಹೇಳಿದ್ರಿ."

ನಾನು ಪೇಪರು ಮಡಚಿದೆ. "ಹೇಳಿರಲಿಲ್ಲ" ಎಂದು ಹೋದದ್ದು "ಸುಳ್ಳು ಹೇಳಿದ್ರಿ" ಎಂದು ವಾಪಸು ಬಂದಿತ್ತು. ಕುತೂಹಲ, ಪರೀಕ್ಷೆ, ಸಂಕಟ ಎಲ್ಲ ದಾಟಿ ಇಲ್ಲಿ ಫೈಲು ತಯಾರಾಗುತ್ತಿತ್ತು. ಫೈಲು ಮಾಡುವವನನ್ನು ಹಿಡಿಯಬೇಕಾದರೆ ಪ್ರಶ್ನೆಯನ್ನು ನೋಡಬಾರದು, ಉತ್ತರ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಅವನಿಗೆ ನಿಮ್ಮ ನೋವು ಬೇಡ, ಇಸವಿ ಬೇಕು. ಏಕೆ ಎಂಬುದು ಬೇಡ, ಎಷ್ಟು ಸಲ ಎಂಬುದು ಬೇಕು. ನೀವು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಬಿಡದೆ ತನ್ನ ಮಾತಿಗೆ ತರ್ಜುಮೆ ಮಾಡಿ ಸಹಿ ಹಾಕಿಸಿಕೊಳ್ಳುತ್ತಾನೆ. ಆ ಫೈಲು ತೆರೆಯುವುದು ಮದುವೆಯಾದ ಮೂರನೇ ವರ್ಷ, ಗ್ಯಾಸು ಬುಕ್ ಮಾಡುವುದನ್ನು ಯಾರು ಮರೆತರು ಎಂಬ ಜಗಳದಲ್ಲಿ. "ಮುಚ್ಚಿಡೋದು ನಿಂಗೆ ಹೊಸದಲ್ಲ ಬಿಡು, ಅವತ್ತೇ ಕಾಫಿ ಕುಡೀವಾಗ ನೀನೇ ಒಪ್ಕೊಂಡಿದ್ದೆ" ಎಂದು ಪುಟಸಂಖ್ಯೆ ಸಮೇತ ಉಲ್ಲೇಖವಾಗುತ್ತದೆ.

ಈ ದೇಶದಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, ಅದರ ಜಾಗಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೇ ಇದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದೆಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ. ಕಳ್ಳರಿಗೂ ಇರುವ ಈ ಸೌಲಭ್ಯ ವಧೂವರರಿಗೆ ಇಲ್ಲ. ಇನ್ನೂರು ರೂಪಾಯಿ ಕಾಫಿಯ ಮುಂದೆ ಆಡಿದ ಮಾತು ಜೀವನಪರ್ಯಂತ ಸಾಕ್ಷ್ಯ.

ಹಾಗೆಂದು ಬಾಯಿಗೆ ಬೀಗ ಹಾಕಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹೇಳಲೇಬೇಕಾದವು ಇವೆ. ಹಿಂದೆ ಮದುವೆಯಾಗಿ ವಿಚ್ಛೇದನವಾಗಿದ್ದರೆ, ಮಗುವಿದ್ದರೆ, ಗಂಭೀರ ಕಾಯಿಲೆಯಿದ್ದರೆ, ಕೋರ್ಟಿನಲ್ಲಿ ಕೇಸಿದ್ದರೆ ಕೇಳುವ ಮೊದಲೇ ಹೇಳಬೇಕು. ಮುಖ್ಯ ಸಂಗತಿಯ ಬಗ್ಗೆ ವಂಚಿಸಿ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ರದ್ದುಪಡಿಸಲು 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಅವಕಾಶ ಕೊಡುತ್ತದೆ. ವಂಚನೆ ತಿಳಿದ ಒಂದು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಹಳೆಯ ಗೆಳೆಯನ ಜೊತೆ ಇನ್ನೂ ಮಾತುಕತೆ ಇದ್ದರೆ ಅದನ್ನೂ ಹೇಳುವುದು ಮರ್ಯಾದೆ. ಏಕೆಂದರೆ ಅದು ಗತಕಾಲವಲ್ಲ, ವರ್ತಮಾನ. ಆದರೆ ಅವನ ಎತ್ತರ, ಅವನ ಪ್ಯಾಕೇಜು, ಅವನು ಕರೆದುಕೊಂಡು ಹೋದ ನಂದಿಬೆಟ್ಟ ಇವು ಯಾವ ಸೆಕ್ಷನ್ನಿಗೂ ಸೇರುವುದಿಲ್ಲ.

ಪೂರ್ವಾಪರಯ್ಯ ಗಂಡಸೇ ಆಗಿರಬೇಕೆಂದೂ ಇಲ್ಲ. ಪೂರ್ವಾಪರಮ್ಮ ಇನ್ನೂ ಚುರುಕು. ಅವಳು ಬಾಯಿ ಬಿಟ್ಟು ಕೇಳುವುದೇ ಇಲ್ಲ. ಹುಡುಗನ ಇನ್‌ಸ್ಟಾಗ್ರಾಮಿನಲ್ಲಿ 2016ರವರೆಗೆ ಇಳಿದು, ಗೋಕರ್ಣದ ಗುಂಪು ಫೋಟೋದಲ್ಲಿ ಎಡದಿಂದ ಮೂರನೆಯವಳನ್ನು ಗುರುತಿಸಿಟ್ಟುಕೊಂಡು ಬಂದು, "ನಿಮಗೆ ಬೀಚ್ ಇಷ್ಟಾನಾ?" ಎಂದು ಶುರುಮಾಡುತ್ತಾಳೆ. ಅವಳಿಗೆ ಬೇಕಾದದ್ದು ಉತ್ತರವಲ್ಲ, ಅವನು ತಡವರಿಸುವುದು.

ಈಗ ನಮ್ಮ ಹುಡುಗಿಯ ವಿಷಯ. "ಸುಳ್ಳು ಹೇಳಿದ್ರಿ" ಎಂದವನನ್ನು ಅವಳು ಕೇಳಿದ್ದು ಒಂದೇ ಮಾತು. "ಇದನ್ನೆಲ್ಲ ತಿಳ್ಕೊಂಡು ನೀವು ಏನು ಮಾಡ್ಬೇಕು ಅಂತಿದೀರಿ?"

ಬರೀ ಕುತೂಹಲದವನಿಗೆ ಈ ಪ್ರಶ್ನೆಗೆ ಉತ್ತರ ಸುಲಭ. "ಏನಿಲ್ಲಪ್ಪಾ, ನಿಮ್ಮ ಬಗ್ಗೆ ತಿಳ್ಕೋಬೇಕು ಅನ್ನಿಸ್ತು, ಅಷ್ಟೆ." ಸಂಕಟದವನು ಪ್ರಾಮಾಣಿಕನಾದರೆ "ನಂಗೆ ಸ್ವಲ್ಪ ಭಯ" ಎಂದು ಒಪ್ಪಿಕೊಳ್ಳುತ್ತಾನೆ. ಅವನ ಜೊತೆ ಮಾತು ಮುಂದುವರಿಸಬಹುದು. ಭಯವನ್ನು ಭಯ ಎಂದು ಹೇಳಬಲ್ಲವನು ಅದನ್ನು ಇನ್ನೊಬ್ಬರ ತಪ್ಪಾಗಿ ಮಾಡುವುದಿಲ್ಲ. ಪೂರ್ವಾಪರಯ್ಯ ಮಾತ್ರ ಕೆಂಪಾದ. "ಕೇಳೋ ಹಕ್ಕು ನಂಗಿಲ್ವಾ?" ಎಂದ.

"ಖಂಡಿತ ಇದೆ. ಹಾಗಾದ್ರೆ ನಿಮ್ಮದು ಹೇಳಿ."

"ನಂದಾ? ಮೂರಿತ್ತು. ಆದ್ರೆ ಅವ್ಯಾವೂ ಸೀರಿಯಸ್ ಅಲ್ಲ ರೀ. ಹುಡುಗರದ್ದು ಬೇರೆ."

ಬಿಲ್ಲು ಬಂತು. ಅವನು ತನ್ನ ಪಾಲನ್ನು ಲೆಕ್ಕ ಹಾಕಿ ಕೊಟ್ಟ. ಸಂಜೆ ನಮ್ಮಣ್ಣ ಅವರ ಮನೆಗೆ ಫೋನು ಮಾಡಿ, "ಸಾಲಾವಳಿ ಕೂಡಿಬರಲಿಲ್ಲ, ಬೇಸರ ಮಾಡ್ಕೋಬೇಡಿ" ಎಂದರು. 27 ಗುಣ ಬಂದ ಜಾತಕವನ್ನು ಹೀಗೆ ದೂಷಿಸಿದ್ದು ಅನ್ಯಾಯ ನಿಜ, ಆದರೆ ಗ್ರಹಗಳು ಮಾನನಷ್ಟ ಮೊಕದ್ದಮೆ ಹೂಡುವುದಿಲ್ಲ.

ನಾಳೆ ಕಾಫಿಗೆ ಹೊರಟಿರುವ ಹುಡುಗ ಹುಡುಗಿಯರಿಗೆ ಈ ಚಿಕ್ಕಪ್ಪನ ಮಾತು ಇಷ್ಟೆ: ಒಂದು ಸಲ ಕೇಳಿದರೆ ನಿಜ ಹೇಳಿ. ಎರಡನೇ ಸಲ ಕೇಳಿದರೆ "ಏಕೆ?" ಎಂದು ಕೇಳಿ. ಮೂರನೇ ಸಲ ನಿಮ್ಮ ಮಾತೇ ಬೇರೆ ಮಾತಾಗಿ ವಾಪಸು ಬಂದರೆ, ಅವರ ಕಾಫಿಯ ದುಡ್ಡನ್ನೂ ನೀವೇ ಕೊಟ್ಟು ಎದ್ದು ಬನ್ನಿ. ವಕೀಲರ ಫೀಸಿಗಿಂತ ಅದು ಅಗ್ಗ.