ಕೈಲಿ ತಿರುಗಿಸೋ ಗ್ರೈಂಡರಿಗೆ ಎಂಥ ಹಲ್ಲು ಬೇಕು?

ಪಕ್ಕದ ಮನೆ ರಾಯರು ಕಾಂಪೌಂಡಿನ ಮೇಲೆ ಮೊಣಕೈ ಊರಿದರು ಅಂದರೆ ವಿಷಯ ಸಣ್ಣದಲ್ಲ ಅಂತಲೇ ಅರ್ಥ.

"ಏನ್ರೀ, ಕಾಫಿಪುಡಿ ಅಂಗಡಿಯಿಂದ ತಂದ ಮೂರನೇ ದಿನಕ್ಕೇ ಘಮ ಹೋಗುತ್ತೆ. ಹುರಿದ ಬೀಜ ತಂದು ಮನೇಲೇ ಪುಡಿ ಮಾಡ್ಕೊಳ್ಳೋಣ ಅಂತಿದ್ದೀನಿ. ಮಗನಿಗೆ ಫೋನ್ ಮಾಡಿದ್ರೆ ಫ್ಲ್ಯಾಟ್ ಬರ್ರೋ ಕೋನಿಕಲ್ಲೋ, ಸ್ಟೀಲೋ ಸೆರಾಮಿಕ್ಕೋ ಅಂತ ನನ್ನನ್ನೇ ಕೇಳ್ತಾನೆ. ನನಗೇನು ಗೊತ್ತು?"

ಬರ್ ಅಂದರೆ ಒಳಗೆ ಬೀಜ ಅರೆಯೋ ಹಲ್ಲಿನ ಜೋಡಿ. ಎರಡು ಚಪ್ಪಟೆ ಬಿಲ್ಲೆಗಳು ಎದುರುಬದುರಾಗಿದ್ದರೆ ಫ್ಲ್ಯಾಟ್. ಹೊರಗೊಂದು ಬಳೆ, ಅದರೊಳಗೆ ಮೇಲೆ ಚೂಪು ಕೆಳಗೆ ಅಗಲ ಇರೋ ತಿರುಳು ಕೂತಿದ್ದರೆ ಕೋನಿಕಲ್.

"ರಾಯರೇ, ಮೊದಲನೇ ಪ್ರಶ್ನೆ ಬಿಟ್ಟುಬಿಡಿ. ಅಂಗೈಯಲ್ಲಿ ಹಿಡಿಯೋ ಗ್ರೈಂಡರಲ್ಲಿ ಫ್ಲ್ಯಾಟ್ ಹುಡುಕಿದರೂ ಸಿಗೋದು ಅಪರೂಪ" ಅಂದೆ.

"ಯಾಕ್ರೀ? ನಮ್ಮಜ್ಜಿ ರಾಗಿ ಬೀಸುತ್ತಿದ್ದ ಕಲ್ಲು ಚಪ್ಪಟೆ ಅಲ್ವೇನ್ರೀ? ಅದನ್ನೂ ಕೈಲೇ ತಿರುಗಿಸ್ತಿದ್ದರಲ್ಲ!"

ಒಳ್ಳೆ ಪ್ರಶ್ನೆ. ಬೀಸುಕಲ್ಲು ಅಪ್ಪಟ ಫ್ಲ್ಯಾಟ್ ಬರ್ರೇ. ನಡುವಿನ ತೂತಿಗೆ ಕಾಳು ಹಾಕಿದರೆ ಹಿಟ್ಟು ಅಂಚಿನಿಂದ ಬರುತ್ತೆ. ಆದರೆ ಆ ಕಲ್ಲಿನ ಅಗಲ ನೋಡಿ, ಮೇಲುಗಲ್ಲಿನ ಭಾರ ನೋಡಿ. ಚಪ್ಪಟೆ ಬಿಲ್ಲೆಗಳ ನಡುವೆ ಸಿಕ್ಕ ಪುಡಿ ತಾನಾಗಿ ಕೆಳಗೆ ಬೀಳೋದಿಲ್ಲ, ಅಡ್ಡಡ್ಡಲಾಗಿ ಹೊರಕ್ಕೆ ಹೋಗಬೇಕು. ಕರೆಂಟಿನ ಗ್ರೈಂಡರಲ್ಲಿ ಮೋಟರು ನಿಮಿಷಕ್ಕೆ ಸಾವಿರಕ್ಕೂ ಮೇಲೆ ಸುತ್ತು ತಿರುಗಿ ಆ ಪುಡಿಯನ್ನು ಅಂಚಿಗೆ ಎಸೆಯುತ್ತೆ. ನಮ್ಮ ಕೈ ನಿಮಿಷಕ್ಕೆ ನೂರು ಸುತ್ತು ತಿರುಗಿಸಿದರೆ ಅದೇ ಹೆಚ್ಚು. ಬಿಲ್ಲೆ ಅಗಲವಾದಷ್ಟೂ ರಟ್ಟೆಗೆ ಭಾರ ಬೇರೆ. ಕೋನಿಕಲ್ಲಿನಲ್ಲಿ ಇಳಿಜಾರು ಇರೋದರಿಂದ ಬೀಜ ಭಾರಕ್ಕೇ ಕೆಳಗಿಳಿಯುತ್ತೆ. ಮೇಲಿನ ದಪ್ಪ ಹಲ್ಲು ಅದನ್ನು ಒಡೆದು ಕೆಳಗಿನ ಸಣ್ಣ ಹಲ್ಲಿಗೆ ಒಪ್ಪಿಸುತ್ತೆ.

"ಹಾಗಾದ್ರೆ ರುಚಿ? ಫ್ಲ್ಯಾಟ್‌ನಲ್ಲಿ ರುಚಿ ಸ್ಪಷ್ಟ ಅಂತಾನೆ ಮಗ."

ಅದು ಸುಳ್ಳಲ್ಲ. ಒಳ್ಳೆ ಫ್ಲ್ಯಾಟ್ ಬರ್ ಕೊಡೋ ಪುಡಿಯಲ್ಲಿ ಕಣಗಳು ಹೆಚ್ಚುಕಮ್ಮಿ ಒಂದೇ ಗಾತ್ರ ಇರುತ್ತವೆ ಅಂತಾರೆ. ಕೋನಿಕಲ್ಲಿನಲ್ಲಿ ಧೂಳು ಸ್ವಲ್ಪ ಜಾಸ್ತಿ, ಅದರಿಂದ ಕಾಫಿ ಮಂದವಾಗುತ್ತೆ. ಹಾಲು ಬೆರೆಸದೆ, ತೆಳ್ಳಗೆ ಸೋಸಿ ಕುಡಿಯೋರಿಗೆ ಇದು ಲೆಕ್ಕ. ಚಿಕೋರಿ ಬೆರೆಸಿ, ಹಾಲು ಸಕ್ಕರೆ ಹಾಕಿ ಕುಡಿಯೋ ರಾಯರಿಗೆ ಬೇಕಿರೋದೇ ಮಂದ. ಆ ವ್ಯತ್ಯಾಸಕ್ಕೆ ಅವರು ದುಡ್ಡು ಸುರಿಯೋದು ದಂಡ.

ಇನ್ನು ಸ್ಟೀಲು, ಸೆರಾಮಿಕ್ಕು. ಇದು ನಿಜವಾದ ಪ್ರಶ್ನೆ. ಜಪಾನಿನ ಹ್ಯಾರಿಯೋ, ಪೋರ್ಲೆಕ್ಸ್‌ಗಳ ಕೈ ಗ್ರೈಂಡರುಗಳು ಸೆರಾಮಿಕ್ ಹಲ್ಲಿನವೆಂದೇ ಹೆಸರಾದವು. ಚೀನಾದ ಟೈಮ್‌ಮೋರ್, ಜರ್ಮನಿಯ ಕಮಾಂಡಾಂಟೆ ಸ್ಟೀಲಿನವು. ಸ್ಟೀಲನ್ನು ಮೆಷಿನ್ನಿನಲ್ಲಿ ಕೊರೆದು ಹಲ್ಲು ಮಾಡ್ತಾರೆ, ಅದಕ್ಕೆ ಅಂಚು ಹರಿತ. ಸೆರಾಮಿಕ್ಕನ್ನು ಅಚ್ಚಿನಲ್ಲಿ ಒತ್ತಿ ಸುಡ್ತಾರೆ, ಅಂಚು ಹುಟ್ಟಿನಿಂದಲೇ ಸ್ವಲ್ಪ ಮೊಂಡು. ಹರಿತವಾದದ್ದು ಬೀಜವನ್ನು ಕತ್ತರಿಸುತ್ತೆ, ಮೊಂಡಾದದ್ದು ಜಜ್ಜುತ್ತೆ. ಜಜ್ಜಿದಾಗ ಒಂದು ಕಡೆ ತರಿ ಉಳಿಯುತ್ತೆ, ಇನ್ನೊಂದು ಕಡೆ ಧೂಳು ಏಳುತ್ತೆ. ಆ ಧೂಳೇ ಹೋಗಿ ಫಿಲ್ಟರಿನ ತೂತುಗಳಿಗೆ ಕೂರೋದು.

"ಸೆರಾಮಿಕ್ ಬಿಸಿಯಾಗಲ್ಲ, ಅದಕ್ಕೇ ಘಮ ಉಳಿಯುತ್ತೆ ಅಂತ ಬರೆದಿರ್ತಾರಲ್ಲ?"

"ರಾಯರೇ, ಒಂದೆರಡು ನಿಮಿಷ ಕೈಲಿ ತಿರುಗಿಸಿದರೆ ಬಿಸಿಯಾಗೋದು ನಿಮ್ಮ ತೋಳು, ಬೀಜ ಅಲ್ಲ."

ಹಾಗಂತ ಸೆರಾಮಿಕ್ಕನ್ನು ತೆಗೆದುಹಾಕೋದೂ ಬೇಡ. ಅದಕ್ಕೆ ತುಕ್ಕು ಹಿಡಿಯೋದಿಲ್ಲ, ನೀರಲ್ಲಿ ತೊಳೀಬಹುದು. ಮಂಗಳೂರು, ಶಿರಸಿ ಕಡೆ ಮಳೆಗಾಲದಲ್ಲಿ ಇದು ಸಣ್ಣ ಗುಣವಲ್ಲ. ಮೆಣಸು ಪುಡಿ ಮಾಡೋಕೂ ಒಂದು ಬೇಕಿದ್ದರೆ ಸೆರಾಮಿಕ್ಕಿನದ್ದೇ ಇಟ್ಟುಕೊಳ್ಳಲಿ. ಆದರೆ ಕಲ್ಲು ಸಿಕ್ಕರೆ ಅದರ ಹಲ್ಲು ಚಕ್ಕೆ ಏಳುತ್ತೆ. ನಮ್ಮಲ್ಲಿ ಕಾಫಿಯನ್ನು ಕಣದಲ್ಲಿ ಹರಡಿ ಒಣಗಿಸೋದು ತಾನೇ? ಕ್ಯೂರಿಂಗ್ ವರ್ಕ್ಸಿನಲ್ಲಿ ಕಲ್ಲು ಬೇರೆ ಮಾಡಿದರೂ ಒಂದೊಂದು ತಪ್ಪಿಸಿಕೊಂಡು ಬರುತ್ತೆ. ಹಿಡಿಕೆ ಥಟ್ಟನೆ ನಿಂತರೆ ಸ್ಟೀಲೇ ಇರಲಿ, ಜೋರು ಮಾಡಬಾರದು. ಒಂದು ಸುತ್ತು ಹಿಂದಕ್ಕೆ ತಿರುಗಿಸಿ, ಮಗುಚಿ ಬೀಜ ಸುರಿದು, ಕಲ್ಲು ಹುಡುಕಬೇಕು. ಸ್ಟೀಲಿನದ್ದನ್ನು ತೊಳೆಯೋ ಗೋಜಿಗೆ ಹೋಗಬೇಡಿ, ಒಣ ಬ್ರಷ್ಷಿನಲ್ಲಿ ಗುಡಿಸಿದರೆ ಸಾಕು. ಸವೆಯೋ ಚಿಂತೆಯೂ ಬೇಡ, ದಿನಕ್ಕೆ 24 ಗ್ರಾಂ ಅಂದರೆ ವರ್ಷಕ್ಕೆ ಒಂಬತ್ತು ಕೆಜಿ ಕೂಡ ಆಗೋದಿಲ್ಲ.

"24 ಗ್ರಾಂ ಯಾವ ಲೆಕ್ಕ?"

ರಾಯರ ಮನೆಯದೇ ಲೆಕ್ಕ. ಮೂರು ಜನ, ಬೆಳಗಿನ ಫಿಲ್ಟರಿಗೆ 30 ಗ್ರಾಂ ಪುಡಿ, ಅದರಲ್ಲಿ ನೂರಕ್ಕೆ ಇಪ್ಪತ್ತು ಚಿಕೋರಿ. ಅಂದರೆ ಬೀಜ 24 ಗ್ರಾಂ, ಚಿಕೋರಿ 6 ಗ್ರಾಂ. ಚಿಕೋರಿಯನ್ನು ಪುಡಿಯಾಗಿಯೇ ತಂದು ಆಮೇಲೆ ಬೆರೆಸೋದು. ಅದು ತೇವ ಹೀರಿ ಅಂಟೋ ಜಾತಿ, ಗ್ರೈಂಡರಿನ ಹತ್ತಿರಕ್ಕೂ ಸೇರಿಸಬಾರದು. ಸಾಮಾನ್ಯ ಕೈ ಗ್ರೈಂಡರಿಗೆ 20ರಿಂದ 25 ಗ್ರಾಂ ಹಿಡಿಯೋದರಿಂದ ಒಂದೇ ಸಲಕ್ಕೆ ಮುಗಿಯುತ್ತೆ. ಸ್ಟೀಲಿನದ್ದಾದರೆ ಒಂದೂವರೆ ನಿಮಿಷದ ಆಸುಪಾಸು, ಸಣ್ಣ ಸೆರಾಮಿಕ್ಕಿನದ್ದಾದರೆ ಮೂರು ನಾಲ್ಕು ನಿಮಿಷ. ಬೆಳಿಗ್ಗೆ ಆರಕ್ಕೆ, ನಿದ್ದೆಗಣ್ಣಲ್ಲಿ, ಪ್ರತಿದಿನ. ಸೆರಾಮಿಕ್ಕು ಕಪಾಟು ಸೇರೋದು ಇಲ್ಲಿಯೇ. ಮನೇಲಿ ಆರು ಜನ ಇದ್ದರೆ ಮಾತ್ರ ನಾನು ಕೈ ಗ್ರೈಂಡರೇ ಬೇಡ, ಕರೆಂಟಿನದ್ದು ತನ್ನಿ ಅನ್ನುತ್ತಿದ್ದೆ.

ಪುಡಿ ಎಷ್ಟು ನಯ ಇರಬೇಕು ಅಂದರೆ, ಚಿರೋಟಿ ರವೆಗಿಂತ ನಯ, ಹಿಟ್ಟಿಗಿಂತ ತರಿ. ಹಿಡಿಕೆ ತಿರುಗದಷ್ಟು ಹಲ್ಲು ಬಿಗಿ ಮಾಡಿ, ಅಲ್ಲಿಂದ ಟಿಕ್ ಟಿಕ್ ಅಂತ ಎಣಿಸುತ್ತಾ ಸಡಿಲಿಸಬೇಕು. ಎಷ್ಟು ಟಿಕ್ ಅನ್ನೋದು ಒಂದೊಂದು ಕಂಪನಿಯದ್ದಕ್ಕೆ ಒಂದೊಂದು, ಡಿಕಾಕ್ಷನ್ನೇ ಹೇಳುತ್ತೆ. ಐದೇ ನಿಮಿಷಕ್ಕೆ ತೆಳ್ಳಗೆ ಇಳಿದರೆ ಒಂದೆರಡು ಟಿಕ್ ಬಿಗಿ ಮಾಡಿ. ಅರ್ಧ ಗಂಟೆಯಾದರೂ ಮೇಲೆ ನೀರು ನಿಂತೇ ಇದ್ದರೆ ಸಡಿಲಿಸಿ. ಸಡಿಲಿಸಿದಾಗ ತೆಳ್ಳಗೆ, ಬಿಗಿ ಮಾಡಿದಾಗ ಕಟ್ಟಿಕೊಂಡು, ನಡುವೆ ಎಲ್ಲೂ ಸರಿಹೋಗದಿದ್ದರೆ ತಪ್ಪು ನಿಮ್ಮದಲ್ಲ. ಪುಡಿಯಲ್ಲಿ ತರಿ, ಧೂಳು ಎರಡೂ ಇವೆ. ಬಿಳಿ ಕಾಗದದ ಮೇಲೆ ಚಿಟಿಕೆ ಹರಡಿ ನೋಡಿದರೆ ಕಣ್ಣಿಗೇ ಕಾಣುತ್ತೆ.

ಇದಕ್ಕೆ ಎಷ್ಟೋ ಸಲ ಕಾರಣ ಹಲ್ಲಲ್ಲ, ಹಲ್ಲು ಹೊತ್ತ ಕಂಬಿ. ಅಗ್ಗದವುಗಳಲ್ಲಿ ಆ ಕಂಬಿಗೆ ಪ್ಲಾಸ್ಟಿಕ್ಕಿನ ಬುಷ್ಷೇ ಆಧಾರ. ತಿರುಗಿಸುವಾಗ ತಿರುಳು ಒಂದು ಕಡೆ ವಾಲುತ್ತೆ. ಒಂದು ಬದಿಯ ಸಂದು ಕಿರಿದಾಗಿ ಧೂಳಾಗುತ್ತೆ, ಇನ್ನೊಂದು ಬದಿಯ ಸಂದು ಅಗಲವಾಗಿ ತರಿ ಜಾರುತ್ತೆ. ಹೀಗೆ ಅಲ್ಲಾಡೋ ಕಂಬಿಗೆ ಎಂಥ ಹರಿತದ ಸ್ಟೀಲ್ ಹಾಕಿದರೂ ಅಷ್ಟೇ. ಸೆರಾಮಿಕ್ಕಿಗೆ ಬಂದಿರೋ ಕೆಟ್ಟ ಹೆಸರಿನಲ್ಲಿ ಒಂದು ಪಾಲು ಈ ಕಂಬಿಯದ್ದೇ. ಕಂಬಿಯನ್ನು ಮೇಲೊಂದು ಕೆಳಗೊಂದು ಬಾಲ್ ಬೇರಿಂಗ್ ಹಿಡಿದಿರಬೇಕು.

"ಅದನ್ನ ಹೊರಗಿಂದ ಹೇಗ್ರೀ ನೋಡೋದು?"

ಕೆಳಗಿನ ಡಬ್ಬಿ ಬಿಚ್ಚಿ, ತಿರುಳನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಲಟಲಟ ಅಂದರೆ ಸ್ಟೀಲೇ ಇರಲಿ, ಸೆರಾಮಿಕ್ಕೇ ಇರಲಿ, ಅಂಗಡಿಯವನ ಕೈಗೇ ವಾಪಸು ಕೊಟ್ಟು ಬನ್ನಿ. ಅಲ್ಲಾಡದ ಸ್ಟೀಲ್ ಕೋನಿಕಲ್ ಸಿಕ್ಕಿದರೆ ಕಂಪನಿ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ, ತಂದುಬಿಡಿ.